ಬೋರ್ಡೋ ವಿಡಿಯೋ ಎಷ್ಟು ನಿಮಿಷ ಇರಬೇಕು?

ಸಲಹೆಗೆ ಬರುವ ಯೂಟ್ಯೂಬ್ ಚಾನೆಲಿನವರಲ್ಲಿ ಬಹಳ ಮಂದಿ ಕೇಳುವುದು ಒಂದೇ: ವಿಡಿಯೋ ಎಷ್ಟು ಉದ್ದ ಇರಬೇಕು? ಈ ಪ್ರಕರಣ ಬರೆಯಲು ಕಾರಣ ಬೇರೆ. ಇಲ್ಲಿ ಬಂದವರು ಉತ್ತರ ಹುಡುಕುವ ಸರಿಯಾದ ದಾರಿಯನ್ನೇ ಹಿಡಿದಿದ್ದರು. ಉದ್ದವನ್ನೂ ಸರಾಸರಿ ವೀಕ್ಷಣಾ ಅವಧಿಯನ್ನೂ ಒಂದೇ ನಕ್ಷೆಯಲ್ಲಿಟ್ಟು ನೋಡಿದ್ದರು. ಆದರೂ ನಕ್ಷೆ ಅವರನ್ನು ದಾರಿ ತಪ್ಪಿಸಿತು. ಹೀಗೆ ತಪ್ಪುವವರು ಅವರೊಬ್ಬರೇ ಅಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ಮಲೆನಾಡಿನ ಅಡಿಕೆ ಬೆಳೆಗಾರ ದಂಪತಿ. ಗಂಡ ಮಾತಾಡುತ್ತಾರೆ, ಹೆಂಡತಿ ಕ್ಯಾಮೆರಾ ಹಿಡಿಯುತ್ತಾರೆ. ಚಾನೆಲಿನಲ್ಲಿ ಎರಡು ಬಗೆಯ ವಿಡಿಯೋ. ಒಂದು ಕೆಲಸ ಹೇಳಿಕೊಡುವುದು: ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು, ಕಾಳುಮೆಣಸಿನ ಕಸಿ, ಗೊಬ್ಬರದ ಲೆಕ್ಕ. ಇನ್ನೊಂದು ಬೇರೆಯವರ ತೋಟಕ್ಕೆ ಹೋಗಿ ಸುತ್ತಾಡಿ ಮಾತಾಡಿಸುವುದು. ಹಿಂದಿನ ವರ್ಷ ಅವರು ಎಲ್ಲ ವಿಡಿಯೋಗಳನ್ನೂ ಒಂದಕ್ಕೊಂದು ಚುಕ್ಕಿಯಂತೆ ನಕ್ಷೆಗೆ ಹಾಕಿ ನಡುವೆ ಒಂದು ಪ್ರವೃತ್ತಿ ರೇಖೆ ಎಳೆದರು. ರೇಖೆ ಮೇಲೇರುತ್ತಿತ್ತು. ಒಂದು ನಿಮಿಷ ಉದ್ದ ಹೆಚ್ಚಿದರೆ ನೋಡುವ ಅವಧಿ ಸುಮಾರು 20 ಸೆಕೆಂಡ್ ಹೆಚ್ಚುತ್ತದೆ ಎಂದು ಅದು ಹೇಳಿತು. ಹಾಗಾಗಿ ಆರೇಳು ನಿಮಿಷಕ್ಕೆ ಮುಗಿಸುತ್ತಿದ್ದ ಬೋರ್ಡೋ, ಗೊಬ್ಬರದಂಥ ವಿಡಿಯೋಗಳನ್ನು ಒಂಬತ್ತು, ಹನ್ನೆರಡು ನಿಮಿಷಕ್ಕೆ ಎಳೆದರು. ನೋಡುವ ಅವಧಿ ಅಲ್ಲಾಡಲಿಲ್ಲ. ವಿಡಿಯೋದಲ್ಲಿ ನೋಡಿದ ಪಾಲಿನ ಶೇಕಡಾವಾರು ಮಾತ್ರ 50ರಿಂದ 30ರ ಆಸುಪಾಸಿಗೆ ಇಳಿಯಿತು. ಬಂದಾಗ ಯಜಮಾನರ ಮಾತು, "ನನ್ನ ಮಾತು ಜನಕ್ಕೆ ಬೇಜಾರು ಬಂದಿದೆ ಅನ್ಸುತ್ತೆ ಸರ್."

ಮೊದಲು ಆ ಶೇಕಡಾವಾರಿನ ಚಿಂತೆ ಬಿಡಿಸಬೇಕಿತ್ತು. ಉದ್ದ ಆರಿಸಲು ಶೇಕಡಾವನ್ನು ಆಧಾರ ಮಾಡಿಕೊಳ್ಳಬಾರದೆಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಶೇಕಡಾ ಎಂದರೆ ನೋಡಿದ ಅವಧಿಯನ್ನು ಉದ್ದದಿಂದ ಭಾಗಿಸಿದ್ದು. ಉದ್ದ ಹೆಚ್ಚಿದಂತೆ ಅದು ತಾನಾಗಿ ಕುಗ್ಗುತ್ತದೆ. ಅದನ್ನು ನಂಬಿದರೆ ಪ್ರತಿ ಸಲವೂ ಚಿಕ್ಕ ವಿಡಿಯೋವೇ ಗೆಲ್ಲುತ್ತದೆ. ಬರೀ ನಿಮಿಷ ನೋಡಿದರೆ ಉದ್ದದ್ದೇ ಗೆಲ್ಲುತ್ತದೆ, ಏಕೆಂದರೆ ನಾಲ್ಕು ನಿಮಿಷದ ವಿಡಿಯೋವನ್ನು ಯಾರೂ ಐದು ನಿಮಿಷ ನೋಡಲಾರರು. ಕೇಳಬೇಕಾದ ಪ್ರಶ್ನೆ ಇದು: ಸೇರಿಸಿದ ನಿಮಿಷಗಳಲ್ಲಿ ಎಷ್ಟನ್ನು ಜನ ನಿಜವಾಗಿ ನೋಡಿದರು? ಸೇರಿಸಿದ್ದಕ್ಕೆ ಏನೂ ಸಿಗದ ಜಾಗದಲ್ಲಿ ಚುಕ್ಕಿಗಳ ಏರಿಕೆ ಚಪ್ಪಟೆಯಾಗುತ್ತದೆ. ಹದವಾದ ಉದ್ದ ಇರುವುದು ಆ ತಿರುವಿನ ತುಸು ಈಚೆಗೆ.

ಗೂಗಲ್ ಶೀಟ್ಸ್‌ನಲ್ಲಿ ಹಾಳೆಯನ್ನು ಹೊಸದಾಗಿ ಮಾಡಿಸಿದೆವು. ಇದಕ್ಕೆ ಕಂಪ್ಯೂಟರ್ ಬೇಕು. ಯೂಟ್ಯೂಬ್ ಸ್ಟುಡಿಯೋದ Analytics ಪುಟದಲ್ಲಿ Advanced mode ತೆರೆದು, ಅವಧಿಯನ್ನು Lifetime ಮಾಡಿ, Views ಮತ್ತು Average view duration ಎರಡೂ ಕಾಣುವಂತೆ ಇಟ್ಟು, ಡೌನ್‌ಲೋಡ್ ಬಾಣ ಒತ್ತಿ CSV ಇಳಿಸಿಕೊಳ್ಳಬೇಕು. ಸಿಗುವ ಜಿಪ್ ಕಡತದಲ್ಲಿ ಬೇಕಾದದ್ದು Table data.csv. ಅದರಲ್ಲಿ ವಿಡಿಯೋ ಉದ್ದ ಸೆಕೆಂಡುಗಳಲ್ಲಿರುತ್ತದೆ, ನೋಡಿದ ಅವಧಿ 0:03:25 ಎಂಬ ರೂಪದಲ್ಲಿರುತ್ತದೆ. ಎರಡನ್ನೂ ನಿಮಿಷಕ್ಕೆ ತರದೆ ನಕ್ಷೆ ಎಳೆದರೆ ಅರ್ಥವಿಲ್ಲದ ಚಿತ್ರ ಬರುತ್ತದೆ. ಮೊತ್ತದ ಸಾಲನ್ನು ಅಳಿಸಿ, ಉದ್ದವನ್ನು C ಕಾಲಮ್ಮಿನಲ್ಲೂ ನೋಡಿದ ಅವಧಿಯನ್ನು D ಕಾಲಮ್ಮಿನಲ್ಲೂ ಇಟ್ಟುಕೊಂಡು, E ಮತ್ತು F ಕಾಲಮ್ಮುಗಳಲ್ಲಿ ಹೀಗೆ ಬರೆದೆವು:

```
E2:  =C2/60
F2:  =D2*1440
```

ಆಮೇಲೆ ಜರಡಿ. ಶಾರ್ಟ್ಸ್ ಎಲ್ಲ ಹೊರಗೆ. 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗಿನ ಲಂಬ ವಿಡಿಯೋಗಳೂ ಶಾರ್ಟ್ಸ್ ಆಗಿಬಿಡುವುದರಿಂದ ಉದ್ದ ನೋಡಿ ಮಾತ್ರ ಬೇರ್ಪಡಿಸಲಾಗದು, ಒಂದೊಂದಾಗಿ ನೋಡಬೇಕು. ಅವು ಮತ್ತೆ ಮತ್ತೆ ಸುತ್ತುವುದರಿಂದ ನೋಡಿದ ಅವಧಿ ವಿಡಿಯೋದ ಉದ್ದವನ್ನೇ ಮೀರಬಹುದು. ನಕ್ಷೆಯಲ್ಲಿ ಅಂಥ ಚುಕ್ಕಿ ಕಂಡರೆ ಜರಡಿಯಲ್ಲಿ ಯಾವುದೋ ನುಸುಳಿದೆ ಎಂದು ತಿಳಿಯಬೇಕು. ನೇರ ಪ್ರಸಾರಗಳೂ, ತಿಂಗಳು ತುಂಬದವೂ, 300 ವ್ಯೂಸ್ ದಾಟದವೂ ಹೊರಗೆ. 300 ಎಂಬುದು ಈ ಚಾನೆಲಿಗೆ ಇಟ್ಟ ಗಡಿ. ನೆಂಟರು ನಾಲ್ಕು ಮಂದಿ ಕಡೆತನಕ ನೋಡಿದರೆ ಸರಾಸರಿ ಏರಿಬಿಡುವಷ್ಟು ಕಡಿಮೆ ವ್ಯೂಸ್ ಇರುವ ವಿಡಿಯೋಗಳು ಲೆಕ್ಕ ಕೆಡಿಸುತ್ತವೆ, ಅಷ್ಟೆ. ಉಳಿದದ್ದು 47. ಅಡ್ಡಕ್ಕೆ ಉದ್ದ, ನೇರಕ್ಕೆ ನೋಡಿದ ನಿಮಿಷ ಇಟ್ಟು Scatter chart ಹಾಕಿದೆವು.

ಎಳೆದ ವಿಡಿಯೋಗಳೂ ಸೇರಿದ್ದವು, ಆದರೂ ಚುಕ್ಕಿಗಳು ಬಲಕ್ಕೆ ಹೋದಂತೆ ಮೇಲಕ್ಕೇ ಹೋಗುತ್ತಿದ್ದವು. ಯಜಮಾನರಿಗೆ ಸಮಾಧಾನವಾಗಲಿಲ್ಲ. "ನೋಡಿ, ಉದ್ದ ಆದ್ರೆ ಜಾಸ್ತಿ ನೋಡ್ತಾರೆ ಅಂತಾನೇ ಹೇಳ್ತಿದೆ. ನಾನು ಮಾಡಿದ್ರೆ ಯಾಕೆ ಆಗಲ್ಲ?"

ಒಂದೊಂದು ಚುಕ್ಕಿಯ ಮೇಲೆ ಬೆರಳಿಟ್ಟು ಅದು ಯಾವ ವಿಡಿಯೋ ಎಂದು ಓದಿಸುತ್ತಾ ಹೋದೆ. ಬಲಕ್ಕೆ ಮೇಲಿದ್ದವು ಬಹುತೇಕ ತೋಟ ಸುತ್ತುವ ವಿಡಿಯೋಗಳು. ಅಲ್ಲಿಯವರೆಗೆ ಸುಮ್ಮನಿದ್ದ ಹೆಂಡತಿ ಆಗ ಮಾತಾಡಿದರು. "ಇವೆರಡನ್ನೂ ನೋಡೋರು ಒಂದೇ ಥರ ಕೂತು ನೋಡಲ್ಲ ಸರ್. ಬೋರ್ಡೋ ವಿಡಿಯೋ ನೋಡೋರು ಡ್ರಮ್ಮಿನ ಪಕ್ಕ ನಿಂತಿರ್ತಾರೆ, ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಗೊತ್ತಾದ್ರೆ ಸಾಕು. ತೋಟ ನೋಡೋರು ಊಟ ಮುಗಿಸಿ ಕೂತಿರ್ತಾರೆ."

ನಾನು ಹೇಳಬೇಕೆಂದಿದ್ದದ್ದನ್ನು ಅವರು ನನಗಿಂತ ಚೆನ್ನಾಗಿ ಹೇಳಿಬಿಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಬೆರೆಸುವ ಕ್ರಮ: ಶೇಕಡಾ 1ರ ಬೋರ್ಡೋಗೆ ಬೇಕಾದ ಮುಖ್ಯ ಮಾತು ಇಷ್ಟು. ಅದನ್ನು ಹೇಳಲು ಹನ್ನೆರಡು ನಿಮಿಷ ತೆಗೆದುಕೊಂಡರೂ ನೋಡುವವರಿಗೆ ಬೇಕಾದ ಸಮಯ ಬದಲಾಗುವುದಿಲ್ಲ. ರೇಖೆ ಮೇಲೇರಿದ್ದು ಉದ್ದದಿಂದಲ್ಲ. ಉದ್ದನೆಯ ತುದಿಯಲ್ಲಿ ಒಂದು ಬಗೆಯ ವಿಡಿಯೋ, ಚಿಕ್ಕ ತುದಿಯಲ್ಲಿ ಇನ್ನೊಂದು ಬಗೆ ಇದ್ದುದರಿಂದ ಎರಡರ ನಡುವೆ ಎಳೆದ ಗೆರೆ ಏರಿದಂತೆ ಕಂಡಿತು.

G ಕಾಲಮ್ಮಿನಲ್ಲಿ ಪ್ರತಿ ವಿಡಿಯೋದ ಬಗೆ ಬರೆದರು: 29 "ಕೆಲಸ", 18 "ತೋಟ". ಪ್ರವೃತ್ತಿ ರೇಖೆಯನ್ನು ತೆಗೆಸಿಬಿಟ್ಟೆ. ಸರಳ ರೇಖೆಗೆ ಬಾಗಲು ಬಾರದು, ನಮಗೆ ಬೇಕಾಗಿದ್ದದ್ದು ಬಾಗುವ ಜಾಗ. ಅದರ ಬದಲು ಉದ್ದವನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ನಡುಮೌಲ್ಯ, ಅಂದರೆ ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ, ತೆಗೆದೆವು. ವೈರಲ್ ಆದ ಒಂದೇ ವಿಡಿಯೋ ಸರಾಸರಿಯನ್ನು ಎಳೆದಂತೆ ನಡುಮೌಲ್ಯವನ್ನು ಎಳೆಯದು.

```
=MEDIAN(FILTER(F2:F48,G2:G48="ಕೆಲಸ",E2:E48>=5,E2:E48<8))
```

ಕೆಲಸದ ವಿಡಿಯೋಗಳಲ್ಲಿ ನಾಲ್ಕು ನಿಮಿಷದ ಆಸುಪಾಸಿನವನ್ನು ಎರಡೂವರೆ ನಿಮಿಷ ನೋಡಿದ್ದರು. ಆರೂವರೆ ನಿಮಿಷದವನ್ನು 3:15. ಒಂಬತ್ತು ನಿಮಿಷದವನ್ನು 3:25. ಹನ್ನೆರಡೂವರೆ ನಿಮಿಷದವನ್ನು 3:20. ಆರೂವರೆಯಿಂದ ಒಂಬತ್ತಕ್ಕೆ ಹೋಗುವಾಗ 150 ಸೆಕೆಂಡ್ ಹೆಚ್ಚಿಗೆ ಚಿತ್ರೀಕರಿಸಿದ್ದಕ್ಕೆ ನೋಡಿದ್ದು ಹತ್ತು ಸೆಕೆಂಡ್. ಅಲ್ಲಿಂದಾಚೆಗೆ ಅದೂ ಇಲ್ಲ. ತೋಟದ ವಿಡಿಯೋಗಳ ಕಥೆ ಬೇರೆ: ಒಂಬತ್ತೂವರೆ ನಿಮಿಷದ್ದಕ್ಕೆ 4:05, ಹದಿಮೂರಕ್ಕೆ 5:10, ಹದಿನೇಳೂವರೆಗೆ 6:40. ಇಪ್ಪತ್ತನಾಲ್ಕಕ್ಕೆ 6:45, ಆದರೆ ಅಷ್ಟು ಉದ್ದದವು ಮೂರೇ ಇದ್ದುದರಿಂದ ಆ ಕೊನೆಯ ಸಂಖ್ಯೆಯ ಮೇಲೆ ಭಾರ ಹಾಕುವಂತಿರಲಿಲ್ಲ.

ಸಲಹೆ ಹೀಗೆ ಕೊಟ್ಟೆ. ಕೆಲಸದ ವಿಡಿಯೋ ಐದೂವರೆಯಿಂದ ಏಳು ನಿಮಿಷದೊಳಗೆ, ಪ್ರಮಾಣ ಮೊದಲ ನಿಮಿಷದಲ್ಲೇ ಪರದೆಯ ಮೇಲೆ. ತೋಟದ್ದು ಹದಿನೈದರಿಂದ ಹದಿನೆಂಟು, ಅದಕ್ಕಿಂತ ಉದ್ದ ಆದರೆ ಎರಡು ಕಂತು.

ಯಜಮಾನರು ಕೇಳಿದ ಆಕ್ಷೇಪ ನ್ಯಾಯವಾದದ್ದೇ. ಎಂಟು ನಿಮಿಷ ದಾಟಿದರೆ ಮಾತ್ರ ವಿಡಿಯೋದ ನಡುವೆ ಜಾಹೀರಾತು ಹಾಕಬಹುದು. 2020ರ ಜುಲೈಗೆ ಮುಂಚೆ ಆ ಗಡಿ ಹತ್ತು ನಿಮಿಷ ಇತ್ತು. ಏಳಕ್ಕೆ ನಿಲ್ಲಿಸಿದರೆ ಆ ದುಡ್ಡು ಹೋಗುತ್ತದಲ್ಲ? ಇದಕ್ಕೆ ಉತ್ತರ ಸರಾಸರಿಯಲ್ಲಿ ಇಲ್ಲ, ಆಯಾ ವಿಡಿಯೋದ ವೀಕ್ಷಕರು ಉಳಿದ ಪ್ರಮಾಣ ತೋರಿಸುವ ಗೆರೆಯಲ್ಲಿದೆ. ಅವರ ಒಂಬತ್ತು ನಿಮಿಷದ ಬೋರ್ಡೋ ವಿಡಿಯೋದಲ್ಲಿ ಜಾಹೀರಾತು ಇಟ್ಟಿದ್ದ ನಾಲ್ಕನೇ ನಿಮಿಷಕ್ಕೆ ಉಳಿದಿದ್ದವರು ನೂರಕ್ಕೆ 31. ಆ 31 ಮಂದಿಯ ದುಡ್ಡು ಸುಳ್ಳಲ್ಲ. ಆದರೆ ಅದೇ ಗೆರೆಯಲ್ಲಿ ಮೊದಲ ಎರಡು ನಿಮಿಷ ನೆಲ ಕಚ್ಚಿ, ಪ್ರಮಾಣ ಹೇಳುವ ಜಾಗದಲ್ಲಿ ಗೆರೆ ಉಬ್ಬಿತ್ತು. ಜನ ಪೀಠಿಕೆಯನ್ನು ಹಾರಿಸಿ ಅಲ್ಲಿಗೆ ಜಿಗಿಯುತ್ತಿದ್ದರು. ಮಳೆ ಹಿಡಿಯುವ ಮುಂಚಿನ ಗಡಿಬಿಡಿಯಲ್ಲಿ ಹುಡುಕಿ ಬಂದವರನ್ನು ಎರಡು ನಿಮಿಷ ಕಾಯಿಸಿ ಸಂಪಾದಿಸುವುದು ನನಗೆ ಸರಿ ಕಾಣುವುದಿಲ್ಲ. ಇದು ಲೆಕ್ಕವಲ್ಲ, ನನ್ನ ಅಭಿಪ್ರಾಯ ಎಂದು ಅವರಿಗೂ ಹೇಳಿದೆ.

ಓದುವವರು ಇದನ್ನು ತಮ್ಮ ಚಾನೆಲಿಗೆ ಹಚ್ಚುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು. ಮೊದಲ ಮೂವತ್ತು ಸೆಕೆಂಡಿಗೇ ಅರ್ಧಕ್ಕಿಂತ ಹೆಚ್ಚು ಜನ ಎದ್ದು ಹೋಗುತ್ತಿದ್ದರೆ ತೊಂದರೆ ಉದ್ದದ್ದಲ್ಲ. ಶೀರ್ಷಿಕೆ, ಥಂಬ್‌ನೇಲ್ ಹೇಳಿದ್ದು ಒಳಗೆ ಸಿಗುತ್ತಿಲ್ಲ. ಅಂಥಲ್ಲಿ ಎಷ್ಟು ಕತ್ತರಿಸಿದರೂ ಚುಕ್ಕಿ ಮೇಲೇರದು. ಎರಡನೆಯದು, ನಕ್ಷೆ ತೋರಿಸುವುದು ಈಗಾಗಲೇ ಮಾಡಿದ ವಿಡಿಯೋಗಳನ್ನು. ಉದ್ದವಾದವು ಉದ್ದವಾದದ್ದಕ್ಕೆ ವಿಷಯ ದೊಡ್ಡದಿತ್ತು ಎಂಬ ಕಾರಣವೂ ಇರಬಹುದು. ಆದ್ದರಿಂದ ನಕ್ಷೆಯಿಂದ ಸಿಕ್ಕ ಉದ್ದವನ್ನು ಹೊಸ ವಿಡಿಯೋಗಳಲ್ಲಿ ಪರೀಕ್ಷಿಸಲೇಬೇಕು, ಅದೂ ಒಂದೇ ಋತುವಿನವನ್ನು ಹೋಲಿಸಿ. ಜೂನ್ ತಿಂಗಳ ಬೋರ್ಡೋ ವಿಡಿಯೋವನ್ನು ಜನವರಿಯ ಗೊಬ್ಬರದ ವಿಡಿಯೋದೊಂದಿಗೆ ತೂಗಿದರೆ ಏನೂ ಗೊತ್ತಾಗುವುದಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರು ಆರು ಕೆಲಸದ ವಿಡಿಯೋಗಳನ್ನು ಹೇಳಿದ ಉದ್ದಕ್ಕೆ ಮಾಡಿದರು. ನೋಡಿದ ಅವಧಿಯ ನಡುಮೌಲ್ಯ 3:10. ಎಳೆದ ವಿಡಿಯೋಗಳಿಗಿಂತ ಹತ್ತು ಹದಿನೈದು ಸೆಕೆಂಡ್ ಕಡಿಮೆ, ಚಿತ್ರೀಕರಿಸಿದ್ದು ಮಾತ್ರ ಅವಕ್ಕಿಂತ ಬಹಳ ಕಡಿಮೆ. ನಡುವಿನ ಜಾಹೀರಾತಿನ ಆದಾಯ ಕೈತಪ್ಪಿದ್ದನ್ನು ಯಜಮಾನರು ಈಗಲೂ ಎತ್ತಿ ಆಡುತ್ತಾರೆ. ಉಳಿದ ಸಮಯದಲ್ಲಿ ತೋಟದ ವಿಡಿಯೋ ಹೆಚ್ಚು ಮಾಡುತ್ತಿದ್ದಾರೆ.

ಒಂದು ಗಂಟು ಬಿಚ್ಚದೆ ಉಳಿದಿದೆ. ಕಾಳುಮೆಣಸಿನ ಕಸಿಯ ಮೂರು ವಿಡಿಯೋಗಳು ಹತ್ತು ನಿಮಿಷದವು, ಕೆಲಸದ ಗುಂಪಿನಲ್ಲೇ ಇವೆ, ಆದರೆ ಐದು ನಿಮಿಷದ ಹತ್ತಿರ ನೋಡಿಸಿಕೊಂಡಿವೆ. ಕೈಕೆಲಸವನ್ನು ಮೊದಲಿಂದ ಕಡೆವರೆಗೆ ನೋಡಿ ಕಲಿಯಬೇಕಾದವು ಮೂರನೆಯ ಬಗೆಯೇ ಇರಬಹುದು. ಮೂರು ಚುಕ್ಕಿಗಳಿಂದ ಅದನ್ನು ತೀರ್ಮಾನಿಸಲಾಗದು. ಕಸಿಯ ವಿಡಿಯೋಗಳನ್ನು ಸದ್ಯಕ್ಕೆ ಕತ್ತರಿಸಬೇಡಿ, ಅಂಥವು ಎಂಟು ಹತ್ತು ಆದ ಮೇಲೆ G ಕಾಲಮ್ಮಿನಲ್ಲಿ ಅವಕ್ಕೆ ಬೇರೆ ಹೆಸರು ಕೊಟ್ಟು ಮತ್ತೆ ಲೆಕ್ಕ ಹಾಕಿ ಎಂದು ಹೇಳಿದ್ದೇನೆ.