ಸುಸ್ತಿ ಶೇ 12ರಿಂದ 7ಕ್ಕೆ ಇಳಿಸಿದ್ದು ಯಾರು?

ಪ್ರಶ್ನೆ: ಸರ್, ನಾನು ಒಂದು ಪತ್ತಿನ ಸಹಕಾರ ಸಂಘದ ಶಾಖೆಯಲ್ಲಿ ಮ್ಯಾನೇಜರ್. ವರ್ಷದ ಕೆಲಸದ ಬಗ್ಗೆ ನಾವೇ ಬರೆದು ಕೊಡಬೇಕು ಅಂತ ಹೆಡ್ ಆಫೀಸಿನವರು ಹೇಳಿದ್ದಾರೆ. ಬರೆದದ್ದು ಕೆಳಗಿದೆ, ತಿದ್ದಿ ಕೊಡ್ತೀರಾ? ಜಂಬ ಕೊಚ್ಚಿಕೊಂಡ ಹಾಗೆ ಕಾಣುತ್ತಾ ಅಂತ ಭಯ.

“ನಾನು ಸದರಿ ವರ್ಷದಲ್ಲಿ ಶಾಖೆಯ ಸರ್ವತೋಮುಖ ಅಭಿವೃದ್ದಿಗಾಗಿ ಹಗಲಿರುಳು ಶ್ರಮಿಸಲಾಗಿದೆ. ನನ್ನ ಅವಿರತ ಪ್ರಯತ್ನದಿಂದ ಸುಸ್ತಿ ಸಾಲವು ಶೇ. 12% ರಿಂದ ಶೇ. 7% ಕ್ಕೆ ಇಳಿಸಿರುತ್ತೇನೆ. ಗ್ರಾಹಕರಿಗೆ ಅತ್ಯುತ್ತಮ ಸೇವೆ ನೀಡಿ ಎಲ್ಲರ ಮೆಚ್ಚುಗೆಗೆ ಪಾತ್ರಳಾಗಿರುತ್ತೇನೆ. ಪಿಗ್ಮಿ ಸಂಗ್ರಹದಲ್ಲಿ ಗಣನೀಯ ಪ್ರಗತಿ ಸಾಧಿಸಲಾಗಿರುತ್ತದೆ. ಕೆಲವು ಕಾರಣಗಳಿಂದ ಠೇವಣಿ ಗುರಿ ತಲುಪಲು ಸಾಧ್ಯವಾಗಿರುವುದಿಲ್ಲ.”

ಲೆಕ್ಕ ಹೀಗಿದೆ: ಕಳೆದ ವರ್ಷ ಮಾರ್ಚ್ 31ಕ್ಕೆ ಸಾಲ ಬಾಕಿ 4 ಕೋಟಿ, ಅದರಲ್ಲಿ ಸುಸ್ತಿ 48 ಲಕ್ಷ. ಈ ಮಾರ್ಚ್ 31ಕ್ಕೆ ಬಾಕಿ 6 ಕೋಟಿ, ಸುಸ್ತಿ 42 ಲಕ್ಷ. ಹೆಚ್ಚಾದದ್ದು ಬಹುತೇಕ ಬಂಗಾರದ ಸಾಲ. ಹಳೆ ಸುಸ್ತಿಯಲ್ಲಿ 19 ಲಕ್ಷ ವಸೂಲಾಗಿದೆ. ಪಿಗ್ಮಿ ತಿಂಗಳಿಗೆ 3 ಲಕ್ಷ ಇದ್ದದ್ದು 3.6 ಲಕ್ಷ ಆಗಿದೆ. ಠೇವಣಿ 1 ಕೋಟಿ ಹೆಚ್ಚಿಸಬೇಕಿತ್ತು, 72 ಲಕ್ಷ ಹೆಚ್ಚಾಗಿದೆ. ಅಕ್ಟೋಬರಿನಲ್ಲಿ ಒಬ್ಬರೇ ಗ್ರಾಹಕರು 20 ಲಕ್ಷದ ಎಫ್‌ಡಿ ವಾಪಸ್ ತೆಗೆದುಕೊಂಡರು.

ಉತ್ತರ: ಮೇಡಂ, ಜಂಬದ ಚಿಂತೆ ಆಮೇಲೆ. ಮೊದಲು ವಾಕ್ಯಗಳನ್ನು ಸರಿ ಮಾಡೋಣ.

“ನಾನು” ಅಂತ ಶುರು ಮಾಡಿ “ಶ್ರಮಿಸಲಾಗಿದೆ” ಅಂತ ಮುಗಿಸಿದ್ದೀರಿ. ಶ್ರಮಿಸಿದ್ದು ಯಾರು? “ನಾನು ಶ್ರಮಿಸಿದ್ದೇನೆ” ಅಷ್ಟೇ. ಸರ್ಕಾರಿ ಪತ್ರ ಓದಿ ಓದಿ ನಮಗೆಲ್ಲ ಈ “ಲಾಗಿದೆ”, “ಇರುತ್ತದೆ” ಅಂಟಿಕೊಂಡಿದೆ. ಮುಗಿದ ಕೆಲಸಕ್ಕೆ “ಇಳಿಸಿದ್ದೇನೆ” ಸಾಕು, “ಇಳಿಸಿರುತ್ತೇನೆ” ಬೇಡ. “ಅಭಿವೃದ್ದಿ” ಅಲ್ಲ, “ಅಭಿವೃದ್ಧಿ”. “ಶೇ” ಬರೆದ ಮೇಲೆ % ಚಿಹ್ನೆ ಬೇಡ, ಎರಡರಲ್ಲಿ ಒಂದು ಇರಲಿ. “ಸದರಿ” ತೆಗೆದು ಯಾವ ವರ್ಷ ಅಂತ ಬರೆಯಿರಿ.

ಮುಖ್ಯವಾದ ತಪ್ಪು “ಸುಸ್ತಿ ಸಾಲವು ಇಳಿಸಿರುತ್ತೇನೆ” ಅನ್ನೋದರಲ್ಲಿದೆ. ನೀವು ಇಳಿಸಿದ್ದರೆ “ಸಾಲವನ್ನು ಇಳಿಸಿದ್ದೇನೆ” ಆಗಬೇಕು. ತಾನಾಗಿ ಇಳಿದಿದ್ದರೆ “ಸಾಲ ಇಳಿದಿದೆ”. ಯಾವುದು ಸರಿ ಅನ್ನೋದಕ್ಕೆ ವ್ಯಾಕರಣದಲ್ಲಿ ಉತ್ತರ ಸಿಗಲ್ಲ, ಲೆಡ್ಜರ್ ನೋಡಬೇಕು.

ಲೆಕ್ಕ ಮಾಡಿ ನೋಡಿ. ಸುಸ್ತಿ 48 ಲಕ್ಷದಿಂದ 42 ಲಕ್ಷಕ್ಕೆ ಬಂದಿದೆ, ಅಂದರೆ ಕಡಿಮೆಯಾದದ್ದು 6 ಲಕ್ಷ ಮಾತ್ರ. ಸಾಲ ಬಾಕಿ 4 ಕೋಟಿಯಲ್ಲೇ ನಿಂತಿದ್ದರೆ ಈ 42 ಲಕ್ಷ ಶೇ 10.5 ಆಗುತ್ತಿತ್ತು. ಅದು ಶೇ 7 ಆಗಿದ್ದು ಬಾಕಿ 6 ಕೋಟಿಗೆ ಬೆಳೆದಿದ್ದರಿಂದ. ಅದರಲ್ಲೂ ಬೆಳೆದದ್ದು ಬಂಗಾರದ ಸಾಲ, ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷದ ವಾಯಿದೆ ಇರುತ್ತದೆ. ವಾಯಿದೆಯೇ ಮುಗಿಯದ ಸಾಲ ಸುಸ್ತಿ ಆಗೋದಾದರೂ ಹೇಗೆ? ಹೊಸ ಸಾಲ ಜಾಸ್ತಿ ಕೊಟ್ಟ ವರ್ಷ ಸುಸ್ತಿಯ ಶೇಕಡಾವಾರು ಸುಮ್ನೆ ಕೂತಿದ್ದರೂ ಇಳಿಯುತ್ತದೆ. ನಿಮ್ಮ ಜನರಲ್ ಮ್ಯಾನೇಜರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಶೇ 12ರಿಂದ 7 ಅನ್ನೋದನ್ನು “ನನ್ನ ಅವಿರತ ಪ್ರಯತ್ನ”ಕ್ಕೆ ಜೋಡಿಸಿದರೆ ಅವರು ಮೊದಲು ಕೆದಕೋದು ಅದನ್ನೇ.

ವಿಚಿತ್ರ ಅಂದರೆ ನಿಮ್ಮ ನಿಜವಾದ ಕೆಲಸ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ. 48 ಲಕ್ಷ ಹಳೆ ಸುಸ್ತಿಯಲ್ಲಿ 19 ಲಕ್ಷ ವಸೂಲು ಮಾಡಿದ್ದೀರಿ, ಸುಮಾರು ಶೇ 40. ಹಳೆ ಸುಸ್ತಿದಾರರ ಹತ್ತಿರ ದುಡ್ಡು ತರೋದು ಎಷ್ಟು ಕಷ್ಟ ಅಂತ ಆಡಳಿತ ಮಂಡಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದನ್ನು ಬಿಟ್ಟು “ಹಗಲಿರುಳು” ಅಂತ ಬರೆದರೆ ಏನು ಬಂತು? ಹಗಲಿರುಳು ಏನು ಮಾಡಿದಿರಿ ಅನ್ನೋದನ್ನು ಬರೆಯಿರಿ. ಎಷ್ಟು ಜನರಿಗೆ ನೋಟಿಸ್ ಕೊಟ್ಟಿರಿ, ಎಷ್ಟು ಜಾಮೀನುದಾರರನ್ನು ಕರೆಸಿದಿರಿ, ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ಎಷ್ಟು ದಾವೆ ಹಾಕಿಸಿದಿರಿ.

ಆದರೆ ಈ 19 ಲಕ್ಷವನ್ನು ಬರೆಯುವ ಮುಂಚೆ ಬಿಡಿಸಿ ನೋಡಿ. ನಗದಾಗಿ ಬಂದದ್ದೆಷ್ಟು, ನವೀಕರಣದಿಂದ “ವಸೂಲಾದದ್ದು” ಎಷ್ಟು? ಮಾರ್ಚ್ ಕೊನೆ ವಾರದಲ್ಲಿ ಹಳೆ ಸಾಲ ಚುಕ್ತಾ ಮಾಡಿ, ಅದೇ ದಿನ ಅದೇ ಹೆಸರಿಗೆ ಬಡ್ಡಿಯನ್ನೂ ಸೇರಿಸಿ ಹೊಸ ಸಾಲ ಬರೆದಿದ್ದರೆ ಅದು ವಸೂಲಿ ಅಲ್ಲ, ಪುಸ್ತಕದ ಹೊಂದಾಣಿಕೆ. ಆಡಿಟರ್ ಆ ದಿನದ ಎರಡು ಎಂಟ್ರಿ ಪಕ್ಕಪಕ್ಕ ಇಟ್ಟರೆ ಸಾಕು, ಗೊತ್ತಾಗುತ್ತದೆ. ಅಂಥದ್ದಿದ್ದರೆ ಬೇರೆ ತೋರಿಸಿ. 19 ಲಕ್ಷ ಬರೀ ಅಸಲೋ, ಬಡ್ಡಿಯೂ ಸೇರಿದೆಯೋ ಅದನ್ನೂ ಹೇಳಿ.

ಇನ್ನೊಂದು. ಅದು ಬರೀ ಅಸಲಾದರೆ, 48ರಲ್ಲಿ 19 ಹೋಗಿ 29 ಉಳಿಯಬೇಕಿತ್ತು, ಉಳಿದಿರೋದು 42. ಅಂದರೆ ವರ್ಷದಲ್ಲಿ 13 ಲಕ್ಷ ಹೊಸದಾಗಿ ಸುಸ್ತಿಯಾಗಿದೆ. ಮುಚ್ಚಿಟ್ಟರೆ ಅವರೇ ಕಂಡುಹಿಡಿಯುತ್ತಾರೆ, ನೀವೇ ಹೇಳಿಬಿಟ್ಟರೆ ಮುಂದಿನ ವರ್ಷದ ಯೋಜನೆ ಕೇಳುತ್ತಾರೆ. ಎರಡನೆಯದು ವಾಸಿ ಅಲ್ವಾ?

“ಎಲ್ಲರ ಮೆಚ್ಚುಗೆ” ವಾಕ್ಯ ಪೂರ್ತಿ ತೆಗೆಯಿರಿ. ಯಾರು ಮೆಚ್ಚಿದರು ಅಂತ ಕೇಳಿದರೆ ತೋರಿಸೋಕೆ ಏನೂ ಇಲ್ಲ. “ಗಣನೀಯ ಪ್ರಗತಿ” ಜಾಗದಲ್ಲಿ 3 ಲಕ್ಷ, 3.6 ಲಕ್ಷ ಅನ್ನೋ ಅಂಕಿ ಹಾಕಿ, ಮನೆಮನೆಗೆ, ಅಂಗಡಿ ಅಂಗಡಿಗೆ ಹೋದ ಏಜೆಂಟರ ಹೆಸರೂ ಇರಲಿ. ಸಂಗ್ರಹ ಮಾಡಿದ್ದು ಅವರು, ನಿಮ್ಮ ಪಾಲು ಏನು ಅನ್ನೋದು ಅದರ ಪಕ್ಕ ಬರಲಿ.

“ಕೆಲವು ಕಾರಣಗಳಿಂದ” ಅಂದರೆ ಓದುವವರು ತಮಗೆ ತೋಚಿದ ಕಾರಣ ಅಂದುಕೊಳ್ಳುತ್ತಾರೆ. 20 ಲಕ್ಷದ ಎಫ್‌ಡಿ ವಿಷಯ ಬರೆಯಿರಿ. ಆದರೆ ಕೊರತೆ 28 ಲಕ್ಷ, ಈ ಎಫ್‌ಡಿ ಇದ್ದಿದ್ದರೂ 8 ಲಕ್ಷ ಕಡಿಮೆಯೇ ಆಗುತ್ತಿತ್ತು. ಪೂರ್ತಿ ತಪ್ಪನ್ನು ಆ ಗ್ರಾಹಕರ ತಲೆಗೆ ಕಟ್ಟಬೇಡಿ.

19 ಲಕ್ಷ ಬರೀ ಅಸಲು ಅಂತ ಇಟ್ಟುಕೊಂಡು ಎಲ್ಲ ಸೇರಿಸಿದರೆ ಹೀಗಾಗುತ್ತದೆ. ಖಾಲಿ ಬಿಟ್ಟ ಕಡೆ ರಿಜಿಸ್ಟರ್ ನೋಡಿ ತುಂಬಿ:

“ವರ್ಷದ ಆರಂಭದಲ್ಲಿದ್ದ 48 ಲಕ್ಷ ರೂ. ಸುಸ್ತಿಯಲ್ಲಿ 19 ಲಕ್ಷ ರೂ. (ನಗದು ___, ನವೀಕರಣ ___) ವಸೂಲು ಮಾಡಿದ್ದೇವೆ. ಇದಕ್ಕಾಗಿ ___ ಸಾಲಗಾರರಿಗೆ ನೋಟಿಸ್ ಕೊಟ್ಟೆ, ___ ಜಾಮೀನುದಾರರ ಜೊತೆ ಮಾತನಾಡಿದೆ, ___ ಪ್ರಕರಣಗಳಲ್ಲಿ ದಾವೆಗೆ ಕಾಗದಪತ್ರ ಸಿದ್ಧಪಡಿಸಿದೆ. ಇದೇ ವರ್ಷ 13 ಲಕ್ಷ ರೂ. ಹೊಸದಾಗಿ ಸುಸ್ತಿಯಾಗಿದ್ದು, ಮಾರ್ಚ್ 31ಕ್ಕೆ ಒಟ್ಟು ಸುಸ್ತಿ 42 ಲಕ್ಷ ರೂ. ಇದೆ. ಸುಸ್ತಿ ಪ್ರಮಾಣ ಶೇ 12ರಿಂದ 7ಕ್ಕೆ ಇಳಿದಿದೆ. ಇದರಲ್ಲಿ ಹೆಚ್ಚಿನ ಪಾಲು ಬಂಗಾರದ ಸಾಲ ಬೆಳೆದದ್ದರಿಂದ ಆದದ್ದು. ಪಿಗ್ಮಿ ಸಂಗ್ರಹ ತಿಂಗಳಿಗೆ 3 ಲಕ್ಷದಿಂದ 3.6 ಲಕ್ಷ ರೂ.ಗೆ ಏರಿದೆ. ಸಂಗ್ರಹಿಸಿದ ಏಜೆಂಟರು ___, ನಾನು ಮಾಡಿದ್ದು ___. ಠೇವಣಿಯಲ್ಲಿ 1 ಕೋಟಿ ಗುರಿಗೆ 72 ಲಕ್ಷ ರೂ. ಹೆಚ್ಚಾಗಿದೆ. ಅಕ್ಟೋಬರಿನಲ್ಲಿ 20 ಲಕ್ಷದ ಒಂದು ಎಫ್‌ಡಿ ವಾಪಸಾಯಿತು. ಉಳಿದ 8 ಲಕ್ಷದ ಕೊರತೆಗೆ ಕಾರಣ ___.”

“ವಸೂಲು ಮಾಡಿದ್ದೇವೆ” ಅಂತ ಬೇಕೆಂದೇ ಹಾಕಿದ್ದೇನೆ, ವಸೂಲಿಗೆ ನಿಮ್ಮ ಜೊತೆ ಸಿಬ್ಬಂದಿಯೂ ಓಡಾಡಿರುತ್ತಾರೆ. ನೋಟಿಸ್ ಕೊಟ್ಟದ್ದು ನೀವೇ, ಅಲ್ಲಿ “ಕೊಟ್ಟೆ” ಇರಲಿ. ಕೊನೆಯ ಖಾಲಿ ಜಾಗಕ್ಕೆ ಕಾರಣ ನೆನಪಾಗದಿದ್ದರೆ “ಹೊಸ ಠೇವಣಿದಾರರು ಸಿಗಲಿಲ್ಲ” ಅಂತಲೇ ಬರೆಯಿರಿ, ಅದೇ ನಿಜವಾಗಿದ್ದರೆ.