ಅತ್ತೆಯ ಕಷಾಯವೂ ಏರಿದ ಬಿಪಿಯೂ

*ಅಕ್ಕಾ, ನನಗೀಗ ಆರು ತಿಂಗಳು, ಚೊಚ್ಚಲು. ಮುಂಡರಗಿ ಹತ್ತಿರದ ಹಳ್ಳಿ ನಮ್ಮದು. ಕೆಮ್ಮಿಗೆ ಅಂತ ಅತ್ತೆ ಒಂದು ತಿಂಗಳಿಂದ ದಿನಾ ಎರಡು ಹೊತ್ತು ಜೇಷ್ಠಮಧು ಕಷಾಯ ಕೊಡುತ್ತಿದ್ದಾರೆ. ಪ್ರತಿ ಸಲ ಒಂದು ಚಮಚ ಪುಡಿ ಹಾಕಿ ಕುದಿಸುತ್ತಾರೆ. ಶಕ್ತಿಗೆ ಅಂತ ನಾಟಿ ವೈದ್ಯರಿಂದ ಅಶ್ವಗಂಧದ ಲೇಹವನ್ನೂ ತಂದಿದ್ದಾರೆ. ಮೊದಲು 110/70 ಇದ್ದ ಬಿಪಿ ಈ ಸಲ 138/88 ಬಂತು. ಡಾಕ್ಟರು ‘ಬೇರೆ ಏನಾದರೂ ಔಷಧಿ ತಗೋತೀರಾ’ ಎಂದು ಕೇಳಿದರು. ಪಕ್ಕದಲ್ಲೇ ಅತ್ತೆ ಇದ್ದರು, ಇಲ್ಲ ಅಂದುಬಿಟ್ಟೆ. ಹದಿನೈದು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಬೇಡ ಅಂದರೆ ಅತ್ತೆ ‘ನಾ ಇದನ್ನ ಕುಡದು ಮೂರು ಹಡದೇನಿ, ಏನಾಗೂದಿಲ್ಲ ಬಿಡವಾ, ನಮ್ಮ ಕಪ್ಪತಗುಡ್ಡದ ಬೇರಿಗಿಂತ ದೊಡ್ಡ ಔಷಧ ಯಾವುದೈತಿ’ ಅಂತಾರೆ. ಮುಂದಿನ ತಿಂಗಳು ಕುಬಸ. ಆಮೇಲೆ ತವರಿಗೆ ಹೋಗುತ್ತೇನೆ. ಅಲ್ಲಿ ಅವ್ವ ಅಳವಿ, ಮೆಂತ್ಯ, ಕೂಸಿಗೆ ಬಜೆ ಎಲ್ಲ ತೆಗೆದಿಟ್ಟಿದ್ದಾಳೆ. ಯಾರಿಗೂ ನೋವಾಗದ ಹಾಗೆ ಏನು ಮಾಡಲಿ?*

ಮೊದಲು ಕಷಾಯ, ಲೇಹ ಎರಡನ್ನೂ ಇವತ್ತೇ ನಿಲ್ಲಿಸಿ. ಆಮೇಲೆ ಹದಿನೈದು ದಿನ ಕಾಯದೆ, ನಾಳೆ ಅಥವಾ ನಾಡಿದ್ದು ಆಸ್ಪತ್ರೆಗೆ ಹೋಗಿ ‘ಜೇಷ್ಠಮಧು ಕುಡಿಯುತ್ತಿದ್ದೆ’ ಎಂದು ಹೇಳಿ. ಈ ಒಂದು ಮಾತು ಡಾಕ್ಟರಿಗೆ ತಿಳಿಯದಿದ್ದರೆ ಅವರು ನಿಮ್ಮ ಬಿಪಿಯ ಕಾರಣವನ್ನು ಬೇರೆಲ್ಲೋ ಹುಡುಕಬೇಕಾಗುತ್ತದೆ.

ಜೇಷ್ಠಮಧುವನ್ನೇ ಹಿಡಿದು ಮಾತಾಡುತ್ತೇನೆ, ಯಾಕೆಂದರೆ ಇದು ಬಿಪಿ ಏರಿಸುವ ಬೇರು ಎಂಬುದು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಗಂಟಲಿಗೆ ಹಿತ, ಬಾಯಿಗೆ ಸಿಹಿ, ಅನುಮಾನ ಬರುವುದಾದರೂ ಹೇಗೆ? ಆ ಸಿಹಿಯೇ ತೊಂದರೆಯ ಮೂಲ. ಅದರಲ್ಲಿರುವ ಅಂಶದ ಹೆಸರು ಗ್ಲಿಸಿರೈಝಿನ್. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಸದಾ ಓಡಾಡುತ್ತಿರುತ್ತದೆ. ಅದು ಕಿಡ್ನಿಯೊಳಗೆ ಹೊಕ್ಕು ಉಪ್ಪು ಹಿಡಿದಿಡುವ ಕೆಲಸಕ್ಕೆ ಕೈ ಹಾಕದಂತೆ ಅಲ್ಲೊಂದು ಕಿಣ್ವ ಕಾವಲುಗಾರನ ಹಾಗೆ ನಿಂತಿರುತ್ತದೆ. ಗ್ಲಿಸಿರೈಝಿನ್ ಆ ಕಿಣ್ವದ ಕೆಲಸ ಕೆಡಿಸುತ್ತದೆ. ಆಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಬಿಪಿ ಏರುತ್ತದೆ. ಇದೇ ಕಿಣ್ವ ಮಾಸಿನಲ್ಲೂ ಇದೆ. ತಾಯಿಯ ಕಾರ್ಟಿಸಾಲ್ ಜಾಸ್ತಿ ಪ್ರಮಾಣದಲ್ಲಿ ಕೂಸಿಗೆ ಹೋಗದಂತೆ ತಡೆಯುವುದು ಅದೇ.

ಈಗ ನಿಮ್ಮ ಲೆಕ್ಕ ನೋಡೋಣ. ಒಂದು ಚಮಚ ಪುಡಿ ಅಂದರೆ ಸುಮಾರು 3 ಗ್ರಾಂ. ಎರಡು ಹೊತ್ತಿಗೆ 6 ಗ್ರಾಂ. ಬೇರಿನಲ್ಲಿ ಗ್ಲಿಸಿರೈಝಿನ್ ಒಂದೊಂದು ಕಡೆಯದರಲ್ಲಿ ಒಂದೊಂದು ಥರ ಇರುತ್ತದೆ. ಕಡಿಮೆ ಹಿಡಿದು ನೂರಕ್ಕೆ 4 ಅಂದುಕೊಂಡರೂ ದಿನಕ್ಕೆ 240 ಮಿಲಿಗ್ರಾಂ ಆಯಿತು. ಅಷ್ಟೂ ಕಷಾಯಕ್ಕೆ ಇಳಿಯುವುದಿಲ್ಲ, ನಿಜ. ಅರ್ಧ ಇಳಿದರೂ 120. ಯುರೋಪಿನಲ್ಲಿ ಗರ್ಭಿಣಿ ಅಲ್ಲದವರಿಗೂ ದಿನಕ್ಕೆ 100 ಮಿಲಿಗ್ರಾಂ ದಾಟಬೇಡಿ ಎನ್ನುತ್ತಾರೆ. ಫಿನ್‌ಲ್ಯಾಂಡಿನಲ್ಲಿ ಜೇಷ್ಠಮಧುವಿನ ಮಿಠಾಯಿ ತಿನ್ನುವ ರೂಢಿ ಬಹಳ. ಅಲ್ಲಿ ವಾರಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ಗ್ಲಿಸಿರೈಝಿನ್ ಹೊಟ್ಟೆಗೆ ಹೋದ ಗರ್ಭಿಣಿಯರಲ್ಲಿ ಅವಧಿಗೆ ಮೊದಲೇ ಹೆರಿಗೆ ಆಗುವುದು ಜಾಸ್ತಿ ಕಂಡುಬಂತು. ಈಗ ಅಲ್ಲಿ ಗರ್ಭಿಣಿಯರಿಗೆ ಇದು ಬೇಡ ಎಂದೇ ಹೇಳುತ್ತಾರೆ. ನಿಮ್ಮ ಲೆಕ್ಕ ವಾರಕ್ಕೆ 840ಕ್ಕೆ ಬರುತ್ತದೆ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ‘ಸುಮ್ನೆ ಒಂದು ಚಮಚ’ ಎಂಬುದು ಎಷ್ಟಾಯಿತು ಅಂತ ನಿಮಗೂ ಅತ್ತೆಗೂ ಗೊತ್ತಾಗಲಿ ಅಂತ.

ಅಂದಹಾಗೆ, ಜೇಷ್ಠಮಧು ಕಪ್ಪತಗುಡ್ಡದ್ದಲ್ಲ. ಗುಡ್ಡದಲ್ಲಿ ಔಷಧಿ ಗಿಡಗಳು ಬೇಕಾದಷ್ಟಿವೆ. ಆದರೆ ನಮ್ಮ ಅಂಗಡಿಗಳಲ್ಲಿ ಮಾರುವ ಜೇಷ್ಠಮಧು ಬಹುಪಾಲು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಮಾಲು. ಅತ್ತೆಗೆ ಇದನ್ನು ಈಗಲೇ ಹೇಳಲು ಹೋಗಬೇಡಿ, ಕುಬಸ ಆದಮೇಲೆ ನೋಡೋಣ.

ಆದರೆ ಒಂದು ಎಚ್ಚರ. ಬಿಪಿ ಏರಿದ್ದು ಕಷಾಯದಿಂದಲೇ ಎಂದು ನೀವೇ ತೀರ್ಮಾನ ಮಾಡಬೇಡಿ. ಐದು ತಿಂಗಳು ಕಳೆದ ಮೇಲೆ ಬಸುರಿಯ ಬಿಪಿ ತಾನಾಗಿಯೂ ಏರಬಹುದು. 140/90 ಮುಟ್ಟಿದರೆ ಡಾಕ್ಟರು ಅದನ್ನು ಬಿಪಿ ಕಾಯಿಲೆ ಎಂದೇ ಎಣಿಸುತ್ತಾರೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ, ತಾಯಿಗೂ ಕೂಸಿಗೂ ಅಪಾಯ. ನೀವು ಆ ಗೆರೆಯ ಹತ್ತಿರ ನಿಂತಿದ್ದೀರಿ. ಅದಕ್ಕೇ ಮೂತ್ರ ಪರೀಕ್ಷೆ ಆಗಲೇಬೇಕು. ಜೇಷ್ಠಮಧು ವಿಷಯ ಹೇಳಿದರೆ ಡಾಕ್ಟರು ರಕ್ತದ ಪೊಟ್ಯಾಸಿಯಂ ಕೂಡ ನೋಡಬಹುದು. ಕಾಲಲ್ಲಿ ಸೆಳೆತ, ಮೈ ಸೋಲುವುದು, ಎದೆ ಡವಡವ ಎನ್ನುವುದು ಇದ್ದರೆ ಅದನ್ನೂ ಹೇಳಿ. ಕಷಾಯ ಬಿಟ್ಟ ಮರುದಿನವೇ ಬಿಪಿ ಇಳಿಯುತ್ತದೆ ಅಂದುಕೊಳ್ಳಬೇಡಿ, ಒಂದೆರಡು ವಾರವೂ ಹಿಡಿಯಬಹುದು. ಅಷ್ಟು ದಿನ ಬಿಪಿ ನೋಡಿಸಿ, ಪ್ರತಿ ಸಲ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಇಳಿಯದಿದ್ದರೆ ಕಾರಣ ಬೇರೆ ಇರಬಹುದು.

ನಿಮ್ಮ ಪತ್ರದಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಒಂದು ತಿಂಗಳಿಂದ ಕೆಮ್ಮು! ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಬಸುರಿ ಆಗಿದ್ದರೂ ಸರಿ. ಕ್ಷಯ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಕಷಾಯ ಗಂಟಲನ್ನು ಹಿತವಾಗಿಟ್ಟು ಈ ಪ್ರಶ್ನೆಯನ್ನೇ ಮುಂದೆ ತಳ್ಳಿದೆ. ಅಲ್ಲಿಯವರೆಗೆ ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಿ, ಬಿಸಿನೀರಿಗೆ ಜೇನು ಹಾಕಿ ಕುಡಿಯಿರಿ. ಚಹಾದಲ್ಲಿ ಒಂದು ಚೂರು ಶುಂಠಿ ಹಾಕಿದರೆ ತೊಂದರೆ ಇಲ್ಲ.

ಲೇಹದ ಮಾತು. ಗರ್ಭಿಣಿಯರಿಗೆ ಅಶ್ವಗಂಧ ಬೇಡ ಎನ್ನುತ್ತಾರೆ ಡಾಕ್ಟರು. ಗರ್ಭ ಇಳಿಸಲು ಇದನ್ನು ಬಳಸುತ್ತಿದ್ದರು ಎಂಬ ಹಳೆಯ ಮಾತಿದೆ. ಬಸುರಿಯರಲ್ಲಿ ಇದು ಸುರಕ್ಷಿತ ಎಂದು ತೋರಿಸುವ ಗಟ್ಟಿ ಪರೀಕ್ಷೆಯೂ ಆಗಿಲ್ಲ. ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಕೆಲವರಿಗೆ ಲಿವರಿಗೂ ಪೆಟ್ಟಾಗಿದೆ. ಹಾಲುಣಿಸುವಾಗಲೂ ಬೇಡ, ಎಷ್ಟು ಹಾಲಿಗೆ ಇಳಿಯುತ್ತದೆ ಎಂದು ಅಳೆದಿಲ್ಲ. ನಿಮಗೆ ಶಕ್ತಿ ಬೇಕಿದ್ದರೆ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಗುಳಿಗೆ ಸರಿಯಾಗಿ ನುಂಗುತ್ತಿದ್ದೀರಾ ನೋಡಿಕೊಳ್ಳಿ.

ಲೇಹದ ಡಬ್ಬಿಯ ಮೇಲೆ ಹೆಸರು, ಲೈಸೆನ್ಸ್ ನಂಬರು, ಒಳಗೆ ಏನೇನಿದೆ ಎಂಬ ಪಟ್ಟಿ ಇದೆಯೇ? ಇರಲಿಕ್ಕಿಲ್ಲ. ಹಾಗಿದ್ದರೆ ಒಳಗೆ ಅಶ್ವಗಂಧವಷ್ಟೇ ಇದೆ ಅಂತ ಯಾರು ಹೇಳಬೇಕು? 2011-12ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಜಾಸ್ತಿ ಇತ್ತು. ಎಲ್ಲರೂ ಭಾರತದಲ್ಲಿ ತಯಾರಾದ ಆಯುರ್ವೇದ ಔಷಧಿ ತಗೊಳ್ಳುತ್ತಿದ್ದವರು. ಸೀಸ ಎಲುಬಿನಲ್ಲಿ ಕೂತು ಮಾಸಿನ ಮೂಲಕ, ಆಮೇಲೆ ಹಾಲಿನ ಮೂಲಕ ಕೂಸಿಗೂ ಹೋಗುತ್ತದೆ. ಎಲ್ಲ ಆಯುರ್ವೇದ ಔಷಧಿ ಹೀಗೆ ಎಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದ ಡಬ್ಬಿ ಬಸುರಿಗೆ ಬೇಡ, ಅಷ್ಟೇ. ಆಯುರ್ವೇದವೇ ಬೇಕು ಅಂದರೆ ಬಿಎಎಂಎಸ್ ಓದಿದ ವೈದ್ಯರ ಹತ್ತಿರ ತಾಯಿ ಕಾರ್ಡ್ ತೋರಿಸಿ ಕೇಳಿ.

ಇನ್ನು ಅತ್ತೆ. ‘ನಾ ಮೂರು ಹಡದೇನಿ’ ಎಂಬ ಮಾತಿಗೆ ವಾದ ಮಾಡಿ ಗೆಲ್ಲಲಾಗದು, ಗೆಲ್ಲಲೂ ಹೋಗಬೇಡಿ. ಅವರ ಕಾಲದಲ್ಲಿ ಎಷ್ಟು ಬಸುರಿಯರ ಬಿಪಿಯನ್ನು ಯಾರು ನೋಡುತ್ತಿದ್ದರು? ಏರಿದ್ದರೂ ಗೊತ್ತಾಗುತ್ತಿರಲಿಲ್ಲ. ಬೇಡ ಎನ್ನುವ ಮಾತು ನಿಮ್ಮ ಬಾಯಿಂದ ಬರದೆ ಡಾಕ್ಟರ ಬಾಯಿಂದ ಬಂದರೆ ಒಳ್ಳೆಯದು. ಕಷಾಯದ ಪುಡಿ, ಲೇಹದ ಡಬ್ಬಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಒಳಗೆ ನರ್ಸಮ್ಮ ಬಿಪಿ ನೋಡುವಾಗ ‘ನನ್ನನ್ನು ಒಬ್ಬಳೇ ಮಾತಾಡಿಸಿ’ ಅಂದರೆ ಅವರು ಅತ್ತೆಯನ್ನು ಹೊರಗೆ ಕೂರಿಸುತ್ತಾರೆ. ಹೇಳಬೇಕಾದ್ದನ್ನು ಅಲ್ಲಿ ಹೇಳಿ. ಆಮೇಲೆ ಅತ್ತೆಯನ್ನು ಕರೆಸಿ ‘ಬಿಪಿ ಜಾಸ್ತಿ ಇದೆ, ಈ ಎರಡೂ ಸದ್ಯ ಬೇಡ’ ಎಂದು ಡಾಕ್ಟರೇ ಹೇಳಲಿ. ನಿಮ್ಮ ಮೇಲೆ ಮಾತು ಬರುವುದಿಲ್ಲ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಅಕ್ಕನ ಜೊತೆ ಹೋದರೆ ಇನ್ನೂ ಹಗುರ. ಗಂಡನಿಗೂ ಇವತ್ತೇ ಹೇಳಿ. ತನ್ನ ಅವ್ವನ ಜೊತೆ ಮಾತಾಡಬೇಕಾದ್ದು ಮಗ ಅಲ್ವಾ?

ಹೊತ್ತು ಹೊತ್ತಿಗೆ ಕಷಾಯ ಕಾಯಿಸುತ್ತಿದ್ದವರ ಕೈ ಖಾಲಿ ಮಾಡಬೇಡಿ. ರಾಗಿ ಅಂಬಲಿ ಮಾಡಿಕೊಡಲಿ, ಎಳ್ಳು ಬೆಲ್ಲದ ಉಂಡಿ ಕಟ್ಟಲಿ. ಅವರಿಗೆ ಬೇಕಾದ್ದು ನಿಮ್ಮ ಆರೈಕೆ, ಜೇಷ್ಠಮಧುವೇ ಆಗಬೇಕೆಂದೇನಿಲ್ಲ.

ತವರಿನ ಕಡೆ ಬರೋಣ. ಅಳವಿಯನ್ನು ಬಸುರಿಗೆ ಕೊಡಬಾರದು, ಹೆರಿಗೆ ಆದಮೇಲೆ ಕೊಡಬೇಕು ಎಂದು ನಿಮ್ಮ ಅವ್ವನೇ ಹೇಳುತ್ತಾಳೆ. ಇಲ್ಲಿ ಹಿರಿಯರ ಮಾತೂ ಡಾಕ್ಟರ ಮಾತೂ ಒಂದೇ. ಬಾಣಂತನದಲ್ಲಿ ಊಟದ ಹಾಗೆ ಒಂದು ಬಟ್ಟಲು ಅಳವಿ ಪಾಯಸ, ಒಂದು ಅಂಟಿನುಂಡಿ ತಿಂದರೆ ಅಡ್ಡಿ ಇಲ್ಲ. ಮೆಂತ್ಯವೂ ಹಾಗೇ. ಒಗ್ಗರಣೆ, ಪಲ್ಯದ ಮೆಂತ್ಯ ಈಗಲೂ ನಡೆಯುತ್ತದೆ. ಮುಷ್ಟಿಗಟ್ಟಲೆ ನುಂಗುವುದು ಬಸುರಿಗೆ ಬೇಡ, ಗರ್ಭಕೋಶ ಕೆರಳಬಹುದು. ಹಾಲು ಹೆಚ್ಚುತ್ತದೆ ಎಂದು ಬಾಣಂತಿಗೆ ಕೊಡುವ ಮೆಂತ್ಯದಿಂದ ಎಲ್ಲರಿಗೂ ಹಾಲು ಹೆಚ್ಚಾಗುವುದಿಲ್ಲ. ಕೆಲವರಿಗೆ ಹೊಟ್ಟೆ ಕೆಡುತ್ತದೆ, ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳುವವರಿಗೆ ಸಕ್ಕರೆ ಇಳಿಯುತ್ತದೆ. ಕೂಸಿನ ಮೈ, ಮೂತ್ರ ಒಂಥರಾ ಸಿಹಿ ವಾಸನೆ ಹೊಡೆಯಬಹುದು. ಅದರಿಂದ ತೊಂದರೆ ಇಲ್ಲ, ಆದರೆ ಒಂದು ಅಪರೂಪದ ಕಾಯಿಲೆಗೂ ಅಂಥದ್ದೇ ವಾಸನೆ ಇರುವುದರಿಂದ ಮಕ್ಕಳ ಡಾಕ್ಟರಿಗೆ ಮೆಂತ್ಯ ತಿಂದದ್ದನ್ನು ಹೇಳಿಬಿಡಿ. ಹಾಲು ಹೆಚ್ಚಬೇಕಾದರೆ ಕೂಸಿಗೆ ಮೇಲಿಂದ ಮೇಲೆ ಎದೆ ಹಿಡಿಸಬೇಕು.

ಬಜೆಯನ್ನು ಮಾತ್ರ ಸೀದಾ ಬೇಡ ಅನ್ನಿ. ಅದರಲ್ಲಿ ಆಸರೋನ್ ಎಂಬ ವಿಷದ ಅಂಶ ಇದೆ. ತೇಯ್ದು ನೆಕ್ಕಿಸಿದ ಕೂಸುಗಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರುವುದುಂಟು. ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ಏನೂ ಬೇಡ, ಡಾಕ್ಟರು ಬರೆದ ಹನಿ ಔಷಧಿ ಬಿಟ್ಟರೆ. ಅವ್ವ ಬೇಜಾರು ಮಾಡಿಕೊಂಡರೆ ಬಜೆ ಚೂರನ್ನು ದಾರಕ್ಕೆ ಕಟ್ಟಿ ತೊಟ್ಟಿಲಿಗೆ ಹಾಕೋಣ ಅಂತಲೂ ರಾಜಿ ಆಗಬೇಡಿ. ಕೈ ಬಾಯಿ ಬಂದ ಮೇಲೆ ಕೂಸು ಅದನ್ನೇ ಚೀಪುತ್ತದೆ.

ಕೊನೆಗೆ ಇದನ್ನು ಮನೆಯವರಿಗೂ ಓದಿ ಹೇಳಿ. ತಲೆನೋವು ಜೋರಾಗಿ ಬಿಡದೆ ಇದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಗೆಯ ಕೆಳಗೆ ಬಲಕ್ಕೆ ನೋವು ಬಂದರೆ, ಮುಖ ಕೈ ಏಕಾಏಕಿ ಊದಿದರೆ, ಕೂಸಿನ ಒದೆತ ಕಡಿಮೆ ಆದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಆಗಲಿ, 108ಕ್ಕೆ ಫೋನ್ ಮಾಡಿ ಹೊರಡಿ. ತಾಯಿ ಕಾರ್ಡಿನ ಜೊತೆ ಆ ಪುಡಿ, ಡಬ್ಬಿ ಎರಡನ್ನೂ ತಗೊಂಡೇ ಹೋಗಿ.