ಅರಬಿ ಟ್ಯಾಟೂ: ಅಕ್ಷರ ಸರಿ, ಸಾಲು ಉಲ್ಟಾ

“ಬ್ರಿಗೇಡ್ ರೋಡ್‌ನಲ್ಲಿ ಅರಬಿಯಲ್ಲಿ ‘ತಾಳ್ಮೆ’ ಅಂತ ಟ್ಯಾಟೂ ಹಾಕಿಸಿಕೊಂಡೆ. ಫೋಟೋ ನೋಡಿ, ಸರಿ ಇದೆಯಾ?”

ಇಲ್ಲ. ತಾಳ್ಮೆಗೆ ‘ಸಬ್ರ್’ ಅಂತಾರೆ: ಸಾದ್, ಬಾ, ರಾ. ಬಲದಿಂದ ಎಡಕ್ಕೆ, ಮೂರೂ ಅಂಟಿಕೊಂಡೇ ಬರಬೇಕು. ನಿಮ್ಮದರಲ್ಲಿ ಬಿಡಿಬಿಡಿಯಾಗಿವೆ, ಸಾಲದ್ದಕ್ಕೆ ಸಾದ್ ಎಡತುದಿಯಲ್ಲಿದೆ. ಓದಿದರೆ ರ-ಬ-ಸ. ಅರಬಿ ಜೋಡಿಸಲು ಬಾರದ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಪದ ಹಾಕಿದರೆ ಹೀಗೇ ಆಗುತ್ತದೆ. ನಡುವೆ ದೋಣಿಯಂಥ ಪೂರ್ತಿ ‘ಬಾ’ ಕಾಣ್ತಿದೆ ಅಲ್ವಾ? ಜೋಡಿಸಿ ಬರೆದಿದ್ದರೆ ಅದು ಕೆಳಗೊಂದು ಚುಕ್ಕೆಯಿರುವ ಪುಟ್ಟ ಏರು ಅಷ್ಟೇ.

ಅಂದ ಹಾಗೆ, ಸ್ವರಚಿಹ್ನೆ ಇಲ್ಲದಿದ್ದರೆ ಇದೇ ಮೂರಕ್ಷರವನ್ನು ‘ಸಬಿರ್’ ಅಂತಲೂ ಓದಬಹುದು. ಅಂದ್ರೆ ಕಹಿ ಲೋಳೆಸರ! ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನಡುವೆ ಗೆರೆ ಎಳೆದು ಜೋಡಿಸ್ತೀವಿ ಅಂದರೆ ಒಪ್ಪಬೇಡಿ, ಕ್ರಮವೇ ತಿರುಗಿದೆ. ಮುಚ್ಚಿಸಿ ಹೊಸದಾಗಿ ಬರೆಸಬೇಕು. ಅದಕ್ಕೂ ಮೊದಲು ಶಿವಾಜಿನಗರದಲ್ಲಿ ಉರ್ದು ಓದುವ ಯಾರಿಗಾದರೂ ಡ್ರಾಯಿಂಗ್ ತೋರಿಸಿ; ಉರ್ದುವಿನಲ್ಲೂ ಇವೇ ಅಕ್ಷರ.